ಫೋನಿನಲ್ಲಿ ಮಾತಾಡಿದಂತೆ

ನನ್ನ ಹೆಂಡತಿಯ ತಮ್ಮನಿಗೆ ಕೆಲಸ ಸಿಕ್ಕರೆ ಸಂಕಟ ನನಗೆ. ಒಪ್ಪಿಗೆಯ ಮೇಲ್ ಬರೆಯಲು ಅವನಿಗೆ ನಮ್ಮ ಮನೆಯ ಊಟದ ಮೇಜೇ ಆಗಬೇಕು, ಅದೂ ಭಾನುವಾರದ ದೋಸೆಯ ಹೊತ್ತಿಗೆ. ಹಾಲಿನವನ ಜೊತೆ ಮಾತಾಡಿ ಮುಗಿಸಿ, ಆಡಿದ್ದನ್ನೇ ಮತ್ತೆ ಮೆಸೇಜ್ ಹಾಕುವ ಆಸಾಮಿ.

ಈ ಸಲ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ. ರಿಕ್ರೂಟರ್ ಫೋನಿನಲ್ಲಿ ಎಲ್ಲದಕ್ಕೂ ಹ್ಞೂಂ ಅಂದಿದ್ದಳು: ಹಳೇ ಕಂಪನಿಯ ಮೂರು ತಿಂಗಳ ನೋಟಿಸ್ ಮುಗಿಸಿ ಜುಲೈ 1ಕ್ಕೆ ಬನ್ನಿ, ಜಾಯ್ನಿಂಗ್ ಬೋನಸ್ ಮೊದಲ ಸಂಬಳದ ಜೊತೆಗೇ ಬರುತ್ತೆ, ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ. ಆಫರ್ ಲೆಟರಿನಲ್ಲಿ ಸೇರುವ ದಿನ ಜೂನ್ 3. ಬೋನಸ್ ಎಷ್ಟೆಂದಿತ್ತು, ಯಾವಾಗ ಎಂದಿರಲಿಲ್ಲ. ಮನೆಯ ಸುದ್ದಿಯೇ ಇಲ್ಲ. ಕೊನೆಯ ಪುಟದಲ್ಲಿ ಮಾತ್ರ, ಈ ಪತ್ರಕ್ಕೆ ಮುಂಚೆ ಆಡಿದ್ದೂ ಬರೆದದ್ದೂ ಲೆಕ್ಕಕ್ಕಿಲ್ಲ ಎಂಬ ಸಾಲು. ಸಹಿ ಬಿದ್ದರೆ ಫೋನಿನ ಮಾತಿಗೆ ಎಳ್ಳುನೀರು.

"ಇಷ್ಟು ಕೊಟ್ಟರೆ ಬರ್ತೀನಿ ಅಂತ ಬರಿಯೋ, ಮುಗೀತು" ಎಂದೆ.

"ಅಯ್ಯೋ ಭಾವ, ಹಾಗೆ ಬರೆದರೆ ಒಪ್ಪಿದ ಹಾಗಾಗಲ್ಲ, ಹೊಸ ಚೌಕಾಸಿ ಆಗುತ್ತೆ!" ಎಂದು 1872ರ ಕರಾರು ಕಾಯ್ದೆಯ ಏಳನೇ ಸೆಕ್ಷನ್ ತೆಗೆದ. ಒಪ್ಪಿಗೆ ಪೂರ್ತಿ ಇರಬೇಕಂತೆ, ಷರತ್ತು ಇರಬಾರದಂತೆ. ಆದ್ದರಿಂದ ಹೊಸದಾಗಿ ಕೇಳಬಾರದು, ಆಗಲೇ ಒಪ್ಪಿದ್ದನ್ನು ನೆನಪಿಸಬೇಕು. ದೋಸೆ ಆರಿತು. ಸಂಬಳ ಜಾಸ್ತಿ ಕೇಳಲು ಹೋಗಿ ಬಾಸಿನ ಮಕ್ಕಳ ಕ್ಷೇಮ ವಿಚಾರಿಸಿ ಬರುವ ನಾನು ಬಾಯಿ ಮುಚ್ಚಿದೆ.

ಕೊನೆಗೆ ಆಫರ್ ಬಂದ ಮೇಲ್‌ಗೇ ಉತ್ತರವಾಗಿ ಬರೆದ: ಕೆಲಸಕ್ಕೆ ಸಂತೋಷದಿಂದ ಸೇರುತ್ತೇನೆ, ಮಾರ್ಚ್ 25ರ ಸಂಜೆ ಫೋನಿನಲ್ಲಿ ಮಾತಾಡಿಕೊಂಡದ್ದು ಹೀಗೆ, ಇವು ಸೇರಿದ ತಿದ್ದುಪಡಿ ಪತ್ರ ಬಂದ ದಿನವೇ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಹಳೇ ಕಂಪನಿಗೆ ರಾಜೀನಾಮೆಯನ್ನೂ ಕೊಡಲಿಲ್ಲ.

"ನೋಟೆಡ್, ವೆಲ್ಕಮ್!" ಎಂದು ಉತ್ತರ ಬಂತು. ಓದಿದ್ದಾಳೆ, ಒಪ್ಪಿಲ್ಲ ಎಂದ. ಮತ್ತೆ ಬರೆದ. ಆಕೆ ಫೋನ್ ಮಾಡಿ ಐದು ನಿಮಿಷ ಸಮಾಧಾನ ಹೇಳಿದಳು. ಎಲ್ಲ ಕೇಳಿಸಿಕೊಂಡು, "ತುಂಬಾ ಥ್ಯಾಂಕ್ಸ್ ಮೇಡಂ, ಇದನ್ನೇ ಮೇಲ್‌ನಲ್ಲಿ ಹಾಕಿಬಿಡಿ" ಎಂದ. ಹೊಸ ಪತ್ರದಲ್ಲಿ ದಿನಾಂಕ, ಬೋನಸ್ ಎರಡೂ ಸರಿಯಾದವು. ಮನೆಯಿಂದ ಕೆಲಸ ಮಾತ್ರ 'ಮ್ಯಾನೇಜರರ ವಿವೇಚನೆಗೆ' ಎಂದಿತ್ತು. ಸಹಿಗೆ ಮೊದಲು ಆ ಮ್ಯಾನೇಜರರಿಂದಲೂ ಒಂದು ಸಾಲು ಬರೆಸಿಕೊಂಡ.

ಇವನ ಅಪ್ಪ, ನಮ್ಮ ಮಾವನವರು, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ವರ್ಷದ ಬೆಳೆಯನ್ನೇ ಬಾಯಿಮಾತಿನ ಮೇಲೆ ಮಂಡಿಗೆ ಕೊಟ್ಟವರು. ಮಗನ ಈ ಚಾಳಿ ಕಂಡು ನೊಂದುಕೊಳ್ಳುತ್ತಾರೆ, ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ. ಆದರೆ ಆ ಮಂಡಿ ಸಾಹುಕಾರ ಸಾಯುವವರೆಗೂ ಅದೇ ಗಾದಿಯ ಮೇಲೆ ಕೂತಿದ್ದ. ಇವನು ಜುಲೈ 1ಕ್ಕೆ ಹೋದಾಗ ರಿಕ್ರೂಟರ್ ಬೇರೆ ಕಂಪನಿ ಸೇರಿಯಾಗಿತ್ತು.

"ಎರಡು ದಿನ ಮನೆಯಿಂದ ಅಂತ ಯಾರು ಹೇಳಿದ್ದು?" ಎಂದು ಹೊಸಬಳು ಕೇಳಿದಳಂತೆ. ಮೇಲ್ ಕಳಿಸಿದ. "ಓಕೆ" ಅಂತ ಬಂತು. ಯಾವುದಕ್ಕೆ ಓಕೆ ಎಂದು ಕೇಳಿ ಬರೆದಿದ್ದಾನೆ.