ವರದಿ ಕೆಡಿಸುವ ಕೈಪಿಡಿ: ಶಿಕ್ಷಕರಿಗೂ ಹಿತೈಷಿಗಳಿಗೂ

ರಾಜಾಜಿನಗರದ ಯಾವುದೋ ಶಾಲೆ ಅಂತಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಎರಡನೇ ಕ್ಲಾಸಿನ ಹುಡುಗಿ ನೀರಿನ ಬಾಟಲಿಗೆ ಕೈ ಚಾಚುತ್ತಾಳೆ, ತೋಳಿನ ಬಟ್ಟೆ ಮೇಲೆ ಸರಿಯುತ್ತದೆ. ಮಿಸ್ ಕೇಳುತ್ತಾರೆ: ‘ಏನಾಯ್ತು ಪುಟ್ಟಿ?’ ಅವಳು ಹೇಳುತ್ತಾಳೆ: ‘ಚಿಕ್ಕಪ್ಪ ಚಾರ್ಜರ್ ವೈರಲ್ಲಿ ಹೊಡೆದ್ರು. ಹೋಂವರ್ಕ್ ಮಾಡಿಲ್ಲ ಅಂತ. ಅಮ್ಮಂಗೆ ಹೇಳ್ಬೇಡಿ ಮಿಸ್.’

ವರದಿ ಕೆಡಿಸಲು ಇಷ್ಟು ಸಾಮಗ್ರಿ ಸಾಕು.

ಮೊದಲು, ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಿ. ಹೇಳಲೇಬೇಕಾಗುತ್ತದೆ, ಆಮೇಲೆ ಆ ಮಗು ನಿಮ್ಮ ಹತ್ತಿರ ಇನ್ನೇನೂ ಹೇಳುವುದಿಲ್ಲ. ಮುಂದೆ ಪ್ರಶ್ನೆಗಳನ್ನು ಉತ್ತರ ಸಮೇತ ಕೇಳಿ: ‘ಅಪ್ಪನೂ ಹೊಡೀತಾರೆ ಅಲ್ವಾ?’ ಹೌದೆಂದರೆ ಮಿಸ್‌ಗೆ ಖುಷಿ ಎಂದು ಏಳು ವರ್ಷದ ಮಗುವಿಗೆ ಬೇಗ ತಿಳಿಯುತ್ತದೆ. ಬಳಿಕ ಹೆಡ್‌ಮಿಸ್, ಪಿ.ಟಿ. ಸರ್, ಆಫೀಸಿನ ಗುಮಾಸ್ತರು ಸರದಿಯಲ್ಲಿ ಅದನ್ನೇ ಕೇಳಲಿ. ನಾಲ್ಕನೇ ಸಲಕ್ಕೆ ಕತೆ ಸ್ವಲ್ಪ ಬದಲಾಗುತ್ತದೆ; ಮುಂದೊಂದು ದಿನ ಎದುರು ಪಕ್ಷದ ವಕೀಲರಿಗೆ ಬೇಕಾದದ್ದು ಅದೇ.

ಬರೆಯುವಾಗ ಭಾಷೆ ಘನವಾಗಿರಲಿ. ‘ಚಾರ್ಜರ್ ವೈರ್’ ಎನ್ನುವುದು ಬಡ ಮಾತು, ‘ಅಮಾನುಷ ಚಿತ್ರಹಿಂಸೆ’ ಎನ್ನಿ. ಮಡಚಿದ ವೈರಿನ ಏಟು ಚರ್ಮದ ಮೇಲೆ ಕುಣಿಕೆಯಂಥ ಗುರುತು ಬಿಡುತ್ತದೆ, ಅದನ್ನು ನೋಡಿದ ವೈದ್ಯರಿಗೆ ಮಗುವಿನ ಮಾತು ಹೊಂದುತ್ತದೆ. ಆ ಹೊಂದಾಣಿಕೆ ತಪ್ಪಿಸಲು ಆಕಾರ ಬರೆಯದೆ ‘ಗಾಯ’ ಎಂದಷ್ಟೇ ಹಾಕಿ. ಬಣ್ಣ ನೋಡಿ ‘ಮೂರು ದಿನ ಹಳೆಯದು’ ಎಂದೂ ತೀರ್ಪು ಕೊಡಿ. ಬಣ್ಣದಿಂದ ಗಾಯದ ವಯಸ್ಸು ನಂಬುವಂತೆ ಹೇಳಲು ವೈದ್ಯರಿಗೇ ಆಗುವುದಿಲ್ಲ ಎಂಬುದು ಬೇರೆ ಮಾತು. ಕೊನೆಗೆ ಮನೆಗೆ ಫೋನ್ ಮಾಡಿ ಚಿಕ್ಕಪ್ಪನನ್ನೇ ವಿಚಾರಿಸಿ, ಸಂಜೆಯೊಳಗೆ ಮಗು ‘ಬಿದ್ದೆ’ ಎನ್ನಲು ಕಲಿತಿರುತ್ತದೆ. ಫೋಟೊ ವಾಟ್ಸಾಪ್ ಗುಂಪಿಗೆ ಹೋದರೆ ಕೆಲಸ ಪೂರ್ತಿ.

ಒಂದು ಎಚ್ಚರಿಕೆ. ವಿಷಯ ಲೈಂಗಿಕ ದೌರ್ಜನ್ಯದ್ದಾದರೆ ಸುಮ್ಮನಿರುವುದು ದುಬಾರಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮಾತ್ರ ಕೇಸ್ ಬೀಳುವುದಿಲ್ಲ. ಶಂಕೆ ಸಾಕು, ರುಜುವಾತು ಹುಡುಕುವುದು ಪೊಲೀಸರ ಕೆಲಸ.

ಇಷ್ಟೆಲ್ಲ ಹೇಳಿಕೊಟ್ಟರೂ ಕೆಲವು ಮೊಂಡು ಟೀಚರುಗಳು ಹೀಗೆ ಬರೆದುಬಿಡುತ್ತಾರೆ:

‘ಸೋಮವಾರ ಬೆಳಿಗ್ಗೆ 10.20, ತರಗತಿಯಲ್ಲಿ. ಎಡ ಮೊಣಕೈ ಕೆಳಗೆ, ಹೊರಬದಿಗೆ, ಕುಣಿಕೆಯಾಕಾರದ ಎರಡು ಕೆಂಪು ಗುರುತು, ಒಂದೊಂದೂ ಸುಮಾರು ಬೆರಳುದ್ದ. ನಾನು ಕೇಳಿದ್ದು: “ಏನಾಯ್ತು ಪುಟ್ಟಿ?” ಮಗು ಹೇಳಿದ್ದು: “ಚಿಕ್ಕಪ್ಪ ಚಾರ್ಜರ್ ವೈರಲ್ಲಿ ಹೊಡೆದ್ರು. ಹೋಂವರ್ಕ್ ಮಾಡಿಲ್ಲ ಅಂತ. ಅಮ್ಮಂಗೆ ಹೇಳ್ಬೇಡಿ ಮಿಸ್.” ಹೇಳುವಾಗ ತೋಳಿನ ಬಟ್ಟೆಯನ್ನು ಕೆಳಗೆ ಎಳೆದುಕೊಂಡಳು. ಮತ್ತೇನೂ ಕೇಳಲಿಲ್ಲ. 10.35ಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಬರೆದದ್ದು 10.50ಕ್ಕೆ. ಸಹಿ.’