ಹುಳಕ್ಕೊಂದು ಓಂ ಶಾಂತಿ

ಅನುಗೊಂಡನಹಳ್ಳಿ ಕಡೆಯ ರೇಷ್ಮೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ನಾನು ಪರೋಪಕಾರಿಯಾಗಿದ್ದು ಪುಣ್ಯಕ್ಕಲ್ಲ. ಶೆಡ್ಡಿನಲ್ಲಿ ಒಂದಷ್ಟು ಚಂದ್ರಿಕೆಗಳು ಬಾಡಿಗೆಗೆ ಕಾದು ಕೂತಿದ್ದವು. ಜಾಹೀರಾತು ಹಾಕಿದರೆ ಅಡ್ಮಿನ್ ಅಳಿಸುತ್ತಾನೆ. ನಾಲ್ಕು ಜನಕ್ಕೆ ಬೇಕಾದವನಾದರೆ ಅವರೇ ಕೇಳಿಕೊಂಡು ಬರುತ್ತಾರೆ ಅನ್ನೋದು ನನ್ನ ದೂರಾಲೋಚನೆ.

ಒಂದು ರಾತ್ರಿ ಹುಡುಗನೊಬ್ಬ ಸತ್ತ ಹುಳದ ಫೋಟೊ ಹಾಕಿ, ಕೆಳಗೆ "ಹೋಗ್ಬಿಡ್ತು" ಎಂದು ಬರೆದ. ಫೋಟೊ ತೆರೆಯುವಷ್ಟು ಪುರುಸೊತ್ತು ಯಾರಿಗಿದೆ? ಒಬ್ಬರು "ಓಂ ಶಾಂತಿ" ಅಂದರು. ಹಿಂದೆಯೇ ಮುಗಿದ ಕೈಗಳ ಮೆರವಣಿಗೆ. ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಕೋರಲಾಯಿತು. "ಮೊನ್ನೆ ತಾನೆ ಹೊಸಕೋಟೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರು, ಚೆನ್ನಾಗೇ ಇದ್ರು" ಎಂದು ಇನ್ನೊಬ್ಬರು. "ಕಾರ್ಯ ಯಾವತ್ತು?" ಎಂದು ಮತ್ತೊಬ್ಬರು. ಈ ನಡುವೆ ಒಬ್ಬ ಮಹಾಶಯ ಯಾವುದೋ ಬಾಟಲಿಯ ಚಿತ್ರ, ಜೊತೆಗೆ ತನ್ನ ನಂಬರು ಹಾಕಿದ. ಮೈ ಉರಿಯಿತು.

"ಅಣ್ಣಾ, ನಾಲ್ಕನೇ ಜ್ವರ ಎದ್ದಿರೋ ಹುಳ. ಸಾಲ ಮಾಡಿ ಇಟ್ಟಿದ್ದೀನಿ. ಏನಾದ್ರೂ ಹೇಳಿ" ಎಂದ ಹುಡುಗ.

ಅವನ ಸಂದೇಶಕ್ಕೇ ರಿಪ್ಲೈ ಒತ್ತಿ, ಪ್ರಶ್ನೆಗಳನ್ನೆಲ್ಲ ಒಂದೇ ಸಂದೇಶದಲ್ಲಿ ಕೇಳಿದೆ; ಬಿಡಿ ಬಿಡಿಯಾಗಿ ಕೇಳಿದ್ದರೆ ಸಂತಾಪಗಳ ನಡುವೆ ಕಳೆದುಹೋಗುತ್ತಿದ್ದವು. ಹುಳ ಊದಿಕೊಂಡು ಅತ್ತಿತ್ತ ಅಲೆದಾಡುತ್ತಾ? ಚರ್ಮ ಒಡೆದರೆ ಹಾಲಿನಂಥ ನೀರು ಬರುತ್ತಾ? ಇಲ್ಲ, ಸತ್ತ ಮೇಲೆ ಬೆಳ್ಳಗೆ ಗಟ್ಟಿಯಾಗುತ್ತಾ? ಗಟ್ಟಿಯಾದರೆ ಸುಣ್ಣಕಟ್ಟು, ಅದು ಬೂಷ್ಟಿನ ರೋಗ, ದಾರಿಯೇ ಬೇರೆ. "ಹಾಲು ಬರುತ್ತೆ ಅಣ್ಣಾ" ಎಂದ. ಹಾಗಾದರೆ ಹಾಲುರೋಗ, ವೈರಸ್ಸಿನದು. ತಗುಲಿದ ಹುಳಕ್ಕೆ ಯಾವ ಬಾಟಲಿಯಲ್ಲೂ ಮದ್ದಿಲ್ಲ, ಉಳಿದವನ್ನು ಕಾಪಾಡಿಕೊಳ್ಳಬೇಕು ಅಷ್ಟೆ. ಆ ಹಾಲು ಸೊಪ್ಪಿಗೆ ಬಿದ್ದರೆ ಪಕ್ಕದ ಹುಳಗಳಿಗೂ ಹರಡುತ್ತದೆ. ಆದ್ದರಿಂದ ಒಡೆಯುವ ಮೊದಲೇ ಆರಿಸಿ ಬ್ಲೀಚಿಂಗ್ ಪುಡಿಯ ನೀರಿಗೆ ಹಾಕು, ಕೋಳಿಗೆ ಹಾಕಬೇಡ, ತಿಪ್ಪೆಗೂ ಎಸೆಯಬೇಡ, ಹಾಸಿಗೆಗೆ ಸೋಂಕುನಾಶಕ ಪುಡಿ ಉದುರಿಸು, ಬೆಳಿಗ್ಗೆ ಇಲಾಖೆಯವರನ್ನು ಕರೆಸಿ ತೋರಿಸು, ಫೋಟೊ ನೋಡಿ ಹೇಳೋದಕ್ಕೂ ಮಿತಿ ಇದೆ ಎಂದೆ.

ಕೊನೆಗೆ "ಚಂದ್ರಿಕೆ ಬಾಡಿಗೆಗಿದೆ" ಎಂದೂ ಟೈಪಿಸಿದ್ದೆ. ಸೂತಕದ ಮನೆಯಲ್ಲಿ ಶಾಮಿಯಾನದ ರೇಟು ಹೇಳಿದಂತಾಗುತ್ತದೆಂದು ಅಳಿಸಿದೆ. ಅಳಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಉತ್ತರವನ್ನು ನಮ್ಮ ಟೆಲಿಗ್ರಾಂ ಗುಂಪಿಗೂ ಹಾಕಿದೆ. ಹೊಸದಾಗಿ ಸೇರಿದವರೂ "ಹಾಲುರೋಗ" ಎಂದು ಹುಡುಕಿದರೆ ಅಲ್ಲಿ ಹಳೆಯದು ಸಿಗುತ್ತದೆ. ಸ್ಲೋ ಮೋಡ್ ಹಾಕಿದ್ದರಿಂದ ಒಬ್ಬರೇ ಮೇಲಿಂದ ಮೇಲೆ ಕೈ ಮುಗಿಯುವಂತೆಯೂ ಇಲ್ಲ.

ಹುಡುಗ ಒಳ್ಳೆಯವನು. ಹುಳ ಹಣ್ಣಾಗುವ ಹೊತ್ತಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಗುಂಪಿಗೇ ಬಂದು ಹೇಳಿದ. ಹೀಗೆ ಹೇಳುವವರು ಕಡಿಮೆ. ಜೊತೆಗೆ, "ಡಾಕ್ಟ್ರೇ, ಚಂದ್ರಿಕೆ ಬಾಡಿಗೆಗೆ ಕೊಡೋರು ಯಾರಾದ್ರೂ ಗೊತ್ತಾ?" ಎಂದೂ ಕೇಳಿದ.

"ನನ್ನದೇ ಇದೆ, ಬೇಕಿದ್ದರೆ ಬೇರೆಯವರನ್ನೂ ವಿಚಾರಿಸಿ" ಎಂದು ಡಾಕ್ಟರಿಗೆ ತಕ್ಕ ಗಾಂಭೀರ್ಯದಲ್ಲಿ ತಿದ್ದಿ ತಿದ್ದಿ ಬರೆಯುವಷ್ಟರಲ್ಲಿ, ಬಾಟಲಿಯವನು ನಂಬರು ಹಾಕಿಯಾಗಿತ್ತು.