ಕಸದ ಬುಟ್ಟಿ ಮತ್ತು ಎರಡು ವಿಮಾನ ನಿಲ್ದಾಣ

ನಮ್ಮದು ಸೊರಬ, ಹೆಂಡತಿಯ ತವರು ಶಿಕಾರಿಪುರ. ನಡುವೆ ಶಿರಾಳಕೊಪ್ಪ ಅಡ್ಡ ಇಲ್ಲದಿದ್ದರೆ ನಾನೂ ನನ್ನ ಭಾಮೈದನೂ ಎಂದೋ ಗಡಿ ತಂಟೆಗೆ ಇಳಿಯುತ್ತಿದ್ದೆವು. ಹಬ್ಬಕ್ಕೆ ಹೋದರೆ ಎಲೆಗೆ ಹೋಳಿಗೆ ಬೀಳುವ ಮೊದಲೇ ಅವನ ಪಟಾಕಿ ಸಿಡಿಯುತ್ತದೆ: "ನಿಮ್ಮ ಬಂಗಾರಪ್ಪೋರು ಒಂದೇ ಸಲ ಮುಖ್ಯಮಂತ್ರಿ ಭಾವ, ನಮ್ಮ ಯಡಿಯೂರಪ್ಪೋರು ನಾಕು ಸಲ!"

"ಅದರಲ್ಲಿ ಒಂದು ಸಲ ವಾರ, ಇನ್ನೊಂದು ಸಲ ಮೂರು ದಿನ. ಹಬ್ಬಕ್ಕೆ ಬಂದ ನೆಂಟರೂ ಅದಕ್ಕಿಂತ ಜಾಸ್ತಿ ಇರ್ತಾರೆ ಮಾರಾಯ" ಎಂದೆ.

"ಇದ್ದಷ್ಟು ದಿನ ಯೋಚಿಸಿ ಕೆಲಸ ಮಾಡಿದ್ರು" ಎಂದ. ಅಲ್ಲೇ ನನಗೆ ಕಸದ ಬುಟ್ಟಿ ನೆನಪಾಯಿತು.

ಕೋಹೆನ್, ಮಾರ್ಚ್, ಓಲ್ಸೆನ್ ಎಂಬ ಮೂವರು 1972ರಲ್ಲಿ ಒಂದು ಪ್ರಬಂಧ ಬರೆದರು. ಅವರು ನೋಡಿದ್ದು ವಿಶ್ವವಿದ್ಯಾಲಯಗಳನ್ನು. ಮೊದಲು ಸಮಸ್ಯೆ, ಆಮೇಲೆ ಪರಿಹಾರ, ಕೊನೆಗೆ ತೀರ್ಮಾನ ಎಂದು ನಾವು ಸಾಲು ಹಚ್ಚುತ್ತೇವಲ್ಲ, ಅಲ್ಲಿ ಹಾಗೆ ಆಗುವುದು ಕಡಿಮೆ ಎಂದರು. ಸಮಸ್ಯೆಗಳು ಅವುಗಳ ಪಾಡಿಗೆ ಬರುತ್ತಿರುತ್ತವೆ. ಪರಿಹಾರಗಳು ಯಾರದೋ ಬಗಲಲ್ಲಿ ಫೈಲಾಗಿ ಕೂತು ತಮಗೊಪ್ಪುವ ಸಮಸ್ಯೆ ಹುಡುಕುತ್ತಿರುತ್ತವೆ, ಹುಡುಗಿ ನೋಡಲು ಹೊರಟ ವರನ ಹಾಗೆ. ಜನ ಸಭೆಗೆ ಬರುತ್ತಾರೆ, ಫೋನ್ ಬಂದರೆ ಎದ್ದು ಹೋಗುತ್ತಾರೆ. "ಈಗ ಏನಾದರೂ ತೀರ್ಮಾನ ಆಗಲೇಬೇಕು" ಎಂಬ ಸಂದರ್ಭವೇ ಬುಟ್ಟಿ. ಆ ಹೊತ್ತಿಗೆ ಅದರೊಳಗೆ ಏನೇನು ಬಿದ್ದಿರುತ್ತದೋ ಅದೇ ಕಲಸಿಕೊಂಡು ತೀರ್ಮಾನವಾಗಿ ಹೊರಬರುತ್ತದೆ. ಇದನ್ನು ಅವರು ಕಂಪ್ಯೂಟರಿನಲ್ಲಿ ಆಡಿಸಿಯೂ ನೋಡಿದರು. ಸಮಸ್ಯೆ ಬಗೆಹರಿದು ಆದ ತೀರ್ಮಾನಗಳಿಗಿಂತ, ಸಮಸ್ಯೆ ಬಂದು ಸೇರುವ ಮೊದಲೇ ಆದವು, ಇಲ್ಲವೇ ಅದು ಬೇಸತ್ತು ಬೇರೆ ಬುಟ್ಟಿಗೆ ಹಾರಿದ ಮೇಲೆ ಆದವು ಹೆಚ್ಚು!

"ನಮ್ಮೂರಿನದೇ ಮೊದಲು ಹೇಳ್ತೀನಿ ಕೇಳು" ಎಂದೆ. 1989ರಲ್ಲಿ ವೀರೇಂದ್ರ ಪಾಟೀಲರು 224ರಲ್ಲಿ 178 ಸೀಟು ಗೆದ್ದುಕೊಂಡು ಬಂದಿದ್ದರು. ಅಲುಗಾಡಿಸುವವರು ಯಾರು? ಆದರೆ ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು, ಅದೇ ಹೊತ್ತಿಗೆ ಕೋಮುಗಲಭೆಯೂ ಹತ್ತಿಕೊಂಡಿತು. ಬಂದು ನೋಡಿದ ರಾಜೀವ್ ಗಾಂಧಿ ಮುಖ್ಯಮಂತ್ರಿ ಬದಲಾಗುವ ಸುದ್ದಿಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಹೇಳಿ ಹೊರಟರು. 1990ರ ಅಕ್ಟೋಬರ್ 17ಕ್ಕೆ ಬಂಗಾರಪ್ಪನವರ ಪ್ರಮಾಣವಚನ. ಅವರ ಕಾಲದಲ್ಲಿ ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಬಂತು. ಬುಟ್ಟಿ ತೆರೆದದ್ದು ಗಲಭೆ ಮತ್ತು ಕಾಯಿಲೆ, ಅದರಿಂದ ಎದ್ದು ಬಂದದ್ದು ಪಂಪ್‌ಸೆಟ್ಟು. ನಮ್ಮ ತೋಟದ ಬಾವಿಗೂ ಕೋಮುಗಲಭೆಗೂ ಎಂಥ ಸಂಬಂಧ?

ಭಾಮೈದ ನಕ್ಕ. "ನಮ್ಮ ವಿಮಾನ ನಿಲ್ದಾಣ ಹಂಗಲ್ಲ ಬಿಡಿ."

ಅದೇ ನನಗೆ ಬೇಕಿತ್ತು. 2008ರಲ್ಲಿ ಯಡಿಯೂರಪ್ಪನವರು ಬಂದರು, ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ನಿಲ್ದಾಣಕ್ಕೆ ಕಲ್ಲು ಬಿತ್ತು. ಗುತ್ತಿಗೆ ಹಿಡಿದ ಕೂಟದಲ್ಲಿ ಮೇಟಾಸ್ ಎಂಬ ಕಂಪನಿ ಇತ್ತು. ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೆ ಸತ್ಯಂ. 2009ರ ಜನವರಿ 7ರಂದು ಸತ್ಯಂನ ರಾಮಲಿಂಗ ರಾಜು "ಲೆಕ್ಕ ಸುಳ್ಳು" ಎಂದು ಕಾಗದ ಬರೆದರು, ಮೇಟಾಸ್ ಕೂಡ ತತ್ತರಿಸಿತು. ಹೈದರಾಬಾದಿನ ಲೆಕ್ಕಪುಸ್ತಕ ತಪ್ಪಿದರೆ ಸೋಗಾನೆಯಲ್ಲಿ ಹುಲ್ಲು ಬೆಳೆಯುತ್ತದೆ ಎಂದು ಯಾವ ಯೋಜನಾ ವರದಿ ಬರೆದೀತು? 2011ರಲ್ಲಿ ಕುರ್ಚಿಯೂ ಹೋಯಿತು. ಫೈಲು ಸಾಯಲಿಲ್ಲ, ಮಲಗಿತು. 2019ರಲ್ಲಿ ಕುರ್ಚಿ ಮತ್ತೆ ಸಿಕ್ಕಿತು, ಮರುವರ್ಷವೇ ಕೆಲಸ ಎದ್ದಿತು. ಸಣ್ಣ ಎಟಿಆರ್ ವಿಮಾನಕ್ಕೆಂದು ಹಾಕಿದ್ದ ಲೆಕ್ಕ ಏರ್‌ಬಸ್ ಇಳಿಯುವಷ್ಟು ಉದ್ದವಾಗಿ 3.2 ಕಿಲೋಮೀಟರ್ ರನ್‌ವೇ ಆಯಿತು. ಉದ್ಘಾಟನೆ 2023ರ ಫೆಬ್ರವರಿ 27: ಯಡಿಯೂರಪ್ಪನವರ 80ನೇ ಹುಟ್ಟುಹಬ್ಬ, ಚುನಾವಣೆಗೆ ಎರಡೂವರೆ ತಿಂಗಳು. ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಯಾವುದು ಗೊತ್ತಾ? ಎಟಿಆರ್!

"ಹಂಗಾದ್ರೆ ಎಲ್ಲಾ ಅದೃಷ್ಟ ಅಂತೀರಾ?"

ಪೂರ್ತಿ ಅಲ್ಲ. ಬುಟ್ಟಿಯ ಲೆಕ್ಕದಲ್ಲಿ ನನಗೂ ಒಂದು ತಕರಾರಿದೆ. ಬುಟ್ಟಿ ಯಾವಾಗ ತೆರೆಯುತ್ತದೆ ಎನ್ನುವುದು ಆಕಸ್ಮಿಕವಿರಬಹುದು, ಅದರ ಪಕ್ಕ ನಿಲ್ಲುವ ಜಾಗ ಎಲ್ಲರಿಗೂ ಸಿಗುವುದಿಲ್ಲ. ಹನ್ನೊಂದು ವರ್ಷ ಫೈಲನ್ನು ಬಗಲಲ್ಲಿಟ್ಟುಕೊಂಡು ಕಾಯಲು ಹಟವೂ ಬೇಕು, ಶಿಕಾರಿಪುರದಂಥ ಭದ್ರ ಕ್ಷೇತ್ರವೂ ಬೇಕು. ಸಂದರ್ಭ ಕುರುಡು, ಕಾಯುವವರು ಕುರುಡರಲ್ಲ.

ನಿಲ್ದಾಣ ಉದ್ಘಾಟನೆಯಾದ ದಿನವೇ ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲುಮಾರ್ಗಕ್ಕೂ ಅಡಿಗಲ್ಲು ಬಿತ್ತು. ಅದನ್ನು ಹೇಳಿ ಭಾಮೈದ ಮೀಸೆ ತಿರುವಿದ.

"ಸೊರಬಕ್ಕೆ?" ಎಂದೆ.

"ಅರ್ಜಿ ಬರೆದು ಜೇಬಲ್ಲಿಟ್ಕೊಂಡಿರಿ ಭಾವ" ಎಂದು ಇನ್ನೊಂದು ಹೋಳಿಗೆ ಹಾಕಿಸಿದ. "ಮೇಲೆ ತುಪ್ಪದ ಕಲೆ ಆಗದ ಹಂಗೆ ನೋಡ್ಕೊಳಿ."